ಪ್ಯಾರಾಬೋಲಿಕ್ ಎಸ್‌ಎಆರ್: ಏರುವಾಗ ಕಾಯುವ ಚುಕ್ಕೆ, ಮಾರುಕಟ್ಟೆ ಮಲಗಿದಾಗ ಕೈಕೊಡುವುದು ಯಾಕೆ?

ಶಿರಸಿ ಕಡೆ ಈಗ ಮೊಬೈಲ್ ತೆಗೆದರೆ ಅಡಿಕೆ ಧಾರಣೆಯ ಪಕ್ಕದಲ್ಲೇ ಷೇರಿನ ಚಾರ್ಟೂ ಇರುತ್ತದೆ. ಹುಡುಗರು ಚಾರ್ಟಿನ ಮೇಲೆ ಮೊದಲು ಹಾಕಿಕೊಳ್ಳುವ ಇಂಡಿಕೇಟರ್‌ಗಳಲ್ಲಿ ಪ್ಯಾರಾಬೋಲಿಕ್ ಎಸ್‌ಎಆರ್ ಒಂದು. ಅದರಲ್ಲಿ ಓದುವುದಕ್ಕೇನೂ ಇಲ್ಲ. ಬೆಲೆಯ ಕೆಳಗೆ ಚುಕ್ಕೆ ಇದ್ದರೆ ಏರುಗತಿ, ಮೇಲೆ ಇದ್ದರೆ ಇಳಿಗತಿ, ಚುಕ್ಕೆ ಪಕ್ಕ ಬದಲಿಸಿದರೆ ನಾವೂ ಬದಲಿಸಬೇಕು, ಅಷ್ಟೇ. ಎರಡು ತಿಂಗಳು ಕಳೆದ ಮೇಲೆ ಬರುವ ದೂರೂ ಒಂದೇ. ನಮ್ಮ ಸಂಬಂಧಿಕರ ಹುಡುಗನೊಬ್ಬ ಹೇಳಿದ್ದು ಹೀಗೆ: "ಆನು ತಗಂಡ ಕೂಡ್ಲೆ ಬಿದ್ದೋಗ್ತು ಭಾವ, ಕೊಟ್ಟ ಕೂಡ್ಲೆ ಏರ್ತು."

ಅವನಿಗೆ ಅನ್ನಿಸಿದ್ದು ಭ್ರಮೆಯಲ್ಲ, ದುರದೃಷ್ಟವೂ ಅಲ್ಲ. ಬೆಲೆ ಒಂದು ಪಟ್ಟಿಯೊಳಗೆ ಮೇಲೆ ಕೆಳಗೆ ಆಡುತ್ತಿರುವಾಗ ಈ ಇಂಡಿಕೇಟರ್ ಪಟ್ಟಿಯ ಮೇಲಂಚಿನ ಹತ್ತಿರ ಕೊಳ್ಳಿಸುತ್ತದೆ, ಕೆಳಂಚಿನ ಹತ್ತಿರ ಮಾರಿಸುತ್ತದೆ. ಅದರ ಲೆಕ್ಕ ಕಟ್ಟಿರುವ ರೀತಿಯೇ ಹಾಗೆ. ಆ ಲೆಕ್ಕವನ್ನು ಒಮ್ಮೆ ಕೈಯಲ್ಲಿ ಮಾಡಿ ನೋಡಿದರೆ ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು ಎಂಬುದು ತಾನಾಗಿ ಗೊತ್ತಾಗುತ್ತದೆ.

ಇದನ್ನು ರೂಪಿಸಿದವರು ಅಮೆರಿಕದ ಜೆ. ವೆಲ್ಸ್ ವೈಲ್ಡರ್. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 1978ರಲ್ಲಿ ಪ್ರಕಟಿಸಿದ ಒಂದೇ ಪುಸ್ತಕದಲ್ಲಿ ಅವರು ಆರ್‌ಎಸ್‌ಐ, ಎಟಿಆರ್, ಎಡಿಎಕ್ಸ್ ಎಂಬ ಇಂಡಿಕೇಟರ್‌ಗಳ ಜತೆಗೆ ಇದನ್ನೂ ಕೊಟ್ಟರು. ಎಸ್‌ಎಆರ್ ಅಂದರೆ ಸ್ಟಾಪ್ ಅಂಡ್ ರಿವರ್ಸ್: ನಿಲ್ಲಿಸು, ಮತ್ತು ತಿರುಗಿಸು. ಕೊಂಡದ್ದನ್ನು ಮಾರಿ ಸುಮ್ಮನೆ ಕೂರುವುದಲ್ಲ, ಅದೇ ಗಳಿಗೆಯಲ್ಲಿ ಎದುರು ದಿಕ್ಕಿನ ಶಾರ್ಟ್ ಸೌದಾ ಹಿಡಿಯುವುದು, ಅಂದರೆ ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರಿ, ಬೆಲೆ ಇಳಿದ ಮೇಲೆ ಕೊಂಡು ತೀರಿಸುವುದು. ಅಂದರೆ ಇದು ಯಾವಾಗಲೂ ಮಾರುಕಟ್ಟೆಯೊಳಗೇ ಇರುವ ಪದ್ಧತಿ. "ಈಗ ಏನೂ ಮಾಡಬೇಡ" ಎಂಬ ಮೂರನೇ ಮಾತು ಅದಕ್ಕೆ ಬರುವುದಿಲ್ಲ.

ಸೂತ್ರ ಒಂದೇ ಸಾಲಿನದು:

```
SAR(next) = SAR + AF × (EP − SAR)
```

ಇಪಿ ಅಂದರೆ ಎಕ್ಸ್‌ಟ್ರೀಮ್ ಪಾಯಿಂಟ್. ಈಗಿನ ಏರಿಕೆ ಶುರುವಾದಾಗಿನಿಂದ ಕಂಡ ಅತಿ ಹೆಚ್ಚಿನ ಬೆಲೆ ಅದು (ಇಳಿಕೆಯಾದರೆ ಅತಿ ಕಡಿಮೆಯದು). ಇಂದಿನ ಚುಕ್ಕೆಗೂ ಆ ತುದಿಗೂ ಎಷ್ಟು ಅಂತರ ಇದೆ ನೋಡು, ಅದರಲ್ಲಿ ಒಂದು ಪಾಲಿನಷ್ಟು ನಾಳೆಯ ಚುಕ್ಕೆಯನ್ನು ಮುಂದಿಡು ಎನ್ನುತ್ತದೆ ಸೂತ್ರ. ಎಷ್ಟು ಪಾಲು ಎಂದು ಹೇಳುವುದು ಎಎಫ್, ಅಂದರೆ ಆಕ್ಸಿಲರೇಶನ್ ಫ್ಯಾಕ್ಟರ್. ಶುರುವಿನಲ್ಲಿ ಅದು 0.02, ನೂರರಲ್ಲಿ ಎರಡು ಪಾಲು. ಬೆಲೆ ಹೊಸ ತುದಿ ಮುಟ್ಟಿದ ಪ್ರತಿ ದಿನ ಅದಕ್ಕೆ ಇನ್ನೊಂದು 0.02 ಸೇರುತ್ತದೆ. 0.20 ತಲುಪಿದ ಮೇಲೆ ಏರುವುದಿಲ್ಲ. ಚುಕ್ಕೆ ಪಕ್ಕ ಬದಲಿಸಿದ ದಿನ ಮತ್ತೆ 0.02ರಿಂದ ಆರಂಭ.

ಹೆಚ್ಚಿನವರು ಎಡವುವುದು ಇಲ್ಲಿ. ದಿನ ಕಳೆದಂತೆ ಎಎಫ್ ಏರುತ್ತದೆ ಎಂದುಕೊಳ್ಳುತ್ತಾರೆ. ಬರೀ ದಿನ ಕಳೆದರೆ ಅದು ಏರುವುದಿಲ್ಲ, ಹೊಸ ತುದಿ ಬೇಕು. ಆದರೆ ಒಮ್ಮೆ ಏರಿದ್ದು ಇಳಿಯುವುದೂ ಇಲ್ಲ. ಬೆಲೆ ದಣಿದು ನಿಂತರೂ ಎಎಫ್ ಇದ್ದಲ್ಲೇ ಇರುತ್ತದೆ, ಚುಕ್ಕೆ ಮಾತ್ರ ದಿನಾ ಮುಂದೆ ಬರುತ್ತಲೇ ಇರುತ್ತದೆ.

ಒಂದು ಕಾಲ್ಪನಿಕ ಷೇರು ಇಟ್ಟುಕೊಂಡು ಲೆಕ್ಕ ಹಾಕೋಣ. ಅದು ಇಳಿಯುತ್ತ 500 ರೂಪಾಯಿ ಮುಟ್ಟಿ ಮೇಲೆದ್ದಿದೆ. ಇಳಿಗತಿಯ ಚುಕ್ಕೆ 508ರಲ್ಲಿತ್ತು. ಬೆಲೆ ಅದನ್ನು ದಾಟಿತು, ನಾವು 508ಕ್ಕೆ ಕೊಂಡೆವು. ಆ ದಿನದ ಗರಿಷ್ಠ 510, ಅದೇ ಈಗಿನ ಇಪಿ. ಹೊಸ ಚುಕ್ಕೆ ಎಲ್ಲಿಂದ ಶುರು? ಹಿಂದಿನ ಇಳಿಕೆಯ ತುದಿಯಿಂದ, ಅಂದರೆ 500ರಿಂದ. ಈ ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲ ರಗಳೆಯೂ ಇದರಿಂದಲೇ ಬರುತ್ತದೆ.

ಮರುದಿನದ ಚುಕ್ಕೆ: ಅಂತರ 10 ರೂಪಾಯಿ, ಅದರಲ್ಲಿ ನೂರಕ್ಕೆ ಎರಡು ಪಾಲು ಅಂದರೆ 20 ಪೈಸೆ. ಚುಕ್ಕೆ 500.20. ಆ ದಿನ ಬೆಲೆ 516 ಮುಟ್ಟಿತು. ಹೊಸ ತುದಿ ಬಂತು, ಎಎಫ್ 0.04 ಆಯಿತು. ಅದರ ಮರುದಿನದ ಚುಕ್ಕೆ 500.83. ಮೂರನೇ ದಿನ 521 ಕಂಡಿತು, ಎಎಫ್ 0.06, ಮುಂದಿನ ಚುಕ್ಕೆ 502.04. ಮೊದಮೊದಲು ಚುಕ್ಕೆ ಹೆಚ್ಚುಕಡಿಮೆ ಕದಲುವುದೇ ಇಲ್ಲ. ಇದು ಬೇಕೆಂದೇ ಮಾಡಿದ್ದು. ಎಳೆಯ ಏರಿಕೆ ಒಂದೆರಡು ದಿನ ಹಿಂದೆ ಜಾರಿದರೂ ಸ್ಟಾಪ್ ತಗುಲಬಾರದು ಎಂಬ ಉದ್ದೇಶ ಅದರ ಹಿಂದಿದೆ.

ನಾಲ್ಕನೇ ದಿನ ಹೊಸ ತುದಿ ಬರಲಿಲ್ಲ ಎಂದುಕೊಳ್ಳಿ. ಎಎಫ್ 0.06ರಲ್ಲೇ ಉಳಿಯಿತು, ಚುಕ್ಕೆ ಮಾತ್ರ 503.18ಕ್ಕೆ ಬಂತು. ಐದನೇ ದಿನದಿಂದ ಹನ್ನೊಂದನೇ ದಿನದವರೆಗೆ ಬೆಲೆ ದಿನಾ ಹೊಸ ತುದಿ ಕಾಣುತ್ತ ಹೋಯಿತು: 528, 535, 541, 546, 550, 553, 555. ಇಲ್ಲಿ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಮೊದಮೊದಲು ಅಂತರವೂ ದೊಡ್ಡದಾಗುತ್ತದೆ, ಆ ಅಂತರದಲ್ಲಿ ತೆಗೆದುಕೊಳ್ಳುವ ಪಾಲೂ ದೊಡ್ಡದಾಗುತ್ತದೆ. ಹಾಗಾಗಿ ಚುಕ್ಕೆಯ ಹೆಜ್ಜೆ ಒಂದು, ಎರಡು, ಮೂರು, ಐದು ರೂಪಾಯಿ ಎಂದು ಬೆಳೆಯುತ್ತದೆ, ಚುಕ್ಕೆಗಳ ಸಾಲು ಬಾಗುತ್ತ ಮೇಲೇರುತ್ತದೆ. ಪ್ಯಾರಾಬೋಲಿಕ್ ಎಂಬ ಹೆಸರು ಬಂದದ್ದು ಈ ಬಾಗಿನಿಂದ. ಹನ್ನೊಂದನೇ ದಿನ ಎಎಫ್ 0.20 ಮುಟ್ಟಿತು. ಹನ್ನೆರಡನೇ ದಿನದ ಚುಕ್ಕೆ 533.16.

ಅಲ್ಲಿಗೆ ಬೆಲೆ ದಣಿಯಿತು. 555ರ ಮೇಲೆ ಹೋಗಲಿಲ್ಲ. ಚುಕ್ಕೆ ನಿಲ್ಲಲಿಲ್ಲ: ಮರುದಿನ 537.53, ಅದರ ಮರುದಿನ 541.02. ಹದಿನಾಲ್ಕನೇ ದಿನ ಬೆಲೆ 539ಕ್ಕೆ ಇಳಿದಾಗ ಚುಕ್ಕೆ ತಗುಲಿತು. 508ಕ್ಕೆ ಕೊಂಡದ್ದು 541.02ಕ್ಕೆ ಹೋಯಿತು, ಷೇರಿಗೆ 33.02 ರೂಪಾಯಿ ಲಾಭ. ತುದಿಯಲ್ಲಿ ಮಾರಲಿಲ್ಲ, ನಿಜ. ಆದರೆ ಯಾರ ಊಹೆಯೂ ಇಲ್ಲದೆ, ಬರೀ ಗುಣಾಕಾರದಿಂದ ಬಂದ ದುಡ್ಡು ಅದು.

ಎಎಫ್ ತುತ್ತತುದಿ ಮುಟ್ಟಿದ ಮೇಲೆ ಈ ಪದ್ಧತಿ ಬೆಲೆಯಿಂದ ಏನನ್ನು ಕೇಳುತ್ತದೆ ಎಂಬುದನ್ನೂ ಲೆಕ್ಕದಲ್ಲೇ ನೋಡಬಹುದು. ಬೆಲೆಯ ತುದಿ ದಿನಕ್ಕೆ 3 ರೂಪಾಯಿಯಂತೆ ಒಂದೇ ಸಮ ಏರುತ್ತಿದೆ ಅನ್ನಿ. ಚುಕ್ಕೆ ದಿನಾ ಅಂತರದ ಐದನೇ ಒಂದು ಪಾಲು ನಡೆಯುತ್ತದೆ. ಹೆಜ್ಜೆ 3 ರೂಪಾಯಿ ಆಗುವುದು ಅಂತರ 15 ಇದ್ದಾಗ, ಹಾಗಾಗಿ ಅಂತರ ಕೊನೆಗೆ 15ರಲ್ಲಿ ನೆಲೆಗೊಳ್ಳುತ್ತದೆ. ಅಂದರೆ ದಿನದ ಏರಿಕೆಯ ಐದು ಪಟ್ಟು. ಈಗ ದಿನದೊಳಗಿನ ಏರಿಳಿತ, ಗರಿಷ್ಠದಿಂದ ಕನಿಷ್ಠದವರೆಗೆ, 10 ರೂಪಾಯಿ ಇದ್ದರೆ ಚುಕ್ಕೆ ತಗುಲುವುದಿಲ್ಲ. ತುದಿ ದಿನಕ್ಕೆ ಒಂದೂವರೆ ರೂಪಾಯಿ ಮಾತ್ರ ಏರುತ್ತಿದ್ದರೆ ಅಂತರ ಏಳೂವರೆಗೆ ಬರುತ್ತದೆ, ಚುಕ್ಕೆ ತಗುಲಿಯೇ ತಗುಲುತ್ತದೆ, ಬೆಲೆ ಇನ್ನೂ ಏರುತ್ತಿದ್ದರೂ ಸಹ! ಮಾಗಿದ ಏರಿಕೆಯಿಂದ ಈ ಪದ್ಧತಿ ಕೇಳುವುದು ಇಷ್ಟು: ದಿನದ ಏರಿಳಿತದ ಐದನೇ ಒಂದು ಭಾಗದಷ್ಟಾದರೂ ದಿನಾ ಮುಂದೆ ಹೋಗು. ನಿಧಾನವಾಗಿ, ಆದರೆ ಬಿಡದೆ ಏರುವ ಷೇರುಗಳಿಂದ ಎಸ್‌ಎಆರ್ ಬೇಗ ಹೊರಹಾಕುವುದು ಇದೇ ಕಾರಣಕ್ಕೆ.

ಇನ್ನೊಂದು ಸಣ್ಣ ಕಟ್ಟಳೆಯೂ ಇದೆ. ಏರುಗತಿಯಲ್ಲಿ ನಾಳೆಯ ಚುಕ್ಕೆ ಇಂದಿನ ಮತ್ತು ನಿನ್ನೆಯ ಕನಿಷ್ಠ ಬೆಲೆಗಳಿಗಿಂತ ಮೇಲೆ ಹೋಗಬಾರದು, ಲೆಕ್ಕ ಅದಕ್ಕಿಂತ ಮೇಲೆ ತೋರಿಸಿದರೆ ಆ ಕನಿಷ್ಠಕ್ಕೇ ತಂದು ನಿಲ್ಲಿಸಬೇಕು. ಇಳಿಗತಿಯಲ್ಲಿ ಇದರ ತಿರುವುಮುರುವು. ಎಕ್ಸೆಲ್‌ನಲ್ಲಿ ತಾವೇ ಲೆಕ್ಕ ಹಾಕಿ "ಆ್ಯಪ್‌ನ ಚುಕ್ಕೆಗೂ ನನ್ನದಕ್ಕೂ ತಾಳೆ ಆಗುತ್ತಿಲ್ಲ" ಎನ್ನುವವರು ಬಹಳ ಸಲ ಈ ಕಟ್ಟಳೆಯನ್ನೇ ಬಿಟ್ಟಿರುತ್ತಾರೆ.

ಈಗ ಹದಿನಾಲ್ಕನೇ ದಿನಕ್ಕೆ ಬರೋಣ. ಪದ್ಧತಿಯ ಪ್ರಕಾರ 541.02ಕ್ಕೆ ಮಾರಿದ್ದಷ್ಟೇ ಅಲ್ಲ, ಅದೇ ಬೆಲೆಗೆ ಶಾರ್ಟ್ ಕೂಡ ಮಾಡಿದ್ದೇವೆ. ಹೊಸ ಚುಕ್ಕೆ ಹಿಂದಿನ ತುದಿಯಾದ 555ರಲ್ಲಿ. ಎಎಫ್ ಮತ್ತೆ 0.02. ಆದರೆ ಷೇರು ಇಳಿಗತಿಗೆ ಹೋಗಲಿಲ್ಲ. 536ರಿಂದ 554ರ ಪಟ್ಟಿಯೊಳಗೆ ಆಡಲು ಶುರುಮಾಡಿತು.

ಬೆಲೆ ಜಾರಿ ಹದಿನೈದನೇ ದಿನ 537, ಹದಿನೇಳನೇ ದಿನ 536 ಕಂಡಿತು. ಎರಡು ಹೊಸ ತುದಿ, ಎಎಫ್ 0.06. ಮೇಲಿನಿಂದ ಬರುತ್ತಿದ್ದ ಚುಕ್ಕೆ 555ರಿಂದ 551.28ಕ್ಕೆ ಇಳಿದಿತ್ತು. ಹತ್ತೊಂಬತ್ತನೇ ದಿನ ಬೆಲೆ ಮೇಲೆದ್ದು 553 ಮುಟ್ಟಿತು, ಚುಕ್ಕೆ ತಗುಲಿತು. 541.02ಕ್ಕೆ ಮಾರಿದ್ದನ್ನು 551.28ಕ್ಕೆ ವಾಪಸು ಕೊಂಡೆವು: ನಷ್ಟ 10.26. ಅದೇ ಬೆಲೆಗೆ ಹೊಸದಾಗಿ ಕೊಂಡದ್ದೂ ಆಯಿತು. ಕೊಂಡದ್ದು ಎಲ್ಲಿ? ಪಟ್ಟಿಯ ಮೇಲಂಚಿನ ಹತ್ತಿರ.

ಹೊಸ ಚುಕ್ಕೆ ಈಗ 536ರಿಂದ ಹೊರಟಿತು. ಬೆಲೆ 554 ಮುಟ್ಟಿ ತಿರುಗಿತು. ಚುಕ್ಕೆ ಇನ್ನೂ 537.72ರಲ್ಲಿರುವಾಗಲೇ, ಇಪ್ಪತ್ತೆರಡನೇ ದಿನ ಬೆಲೆ 537ಕ್ಕೆ ಬಂತು. ಮಾರಿದೆವು, ನಷ್ಟ 13.56. ಅಲ್ಲೇ ಮತ್ತೆ ಶಾರ್ಟ್, ಈ ಸಲ ಪಟ್ಟಿಯ ಕೆಳಂಚಿನಲ್ಲಿ. ಮರುದಿನ ಬೆಲೆ 536ಕ್ಕೆ ಇಳಿದು, ಅದರ ಮರುದಿನ ಮತ್ತೆ 553 ಕಂಡಿತು. ಆಗ ಚುಕ್ಕೆ ಇದ್ದದ್ದು 552.95ರಲ್ಲಿ. ನಷ್ಟ 15.23.

ಮೂರು ಸಲ ತಿರುಗಿದ್ದಕ್ಕೆ ಒಟ್ಟು 39.05 ರೂಪಾಯಿ ಹೋಯಿತು. ಏರಿಕೆಯಲ್ಲಿ ಗಳಿಸಿದ 33.02 ಪೂರ್ತಿ ಹೋಗಿ, ಕೈಯಿಂದ ಇನ್ನೂ ಆರು ರೂಪಾಯಿ ಸೇರಿಸಿದ ಹಾಗಾಯಿತು. ಬ್ರೋಕರೇಜು, ಎಸ್‌ಟಿಟಿ ಇದರಲ್ಲಿ ಸೇರಿಲ್ಲ. ಸೇರಿದ್ದರೆ ಪ್ರತಿ ತಿರುವಿಗೂ ಎರಡು ಖರ್ಚು: ಹಳೆಯದನ್ನು ಮುಗಿಸುವುದು ಒಂದು, ಹೊಸದನ್ನು ಹಿಡಿಯುವುದು ಒಂದು.

ಈ ನಷ್ಟಕ್ಕೆ ಎಎಫ್ ಜೋರಾಗಿದ್ದೇ ಕಾರಣ ಎಂದು ಎಷ್ಟೋ ಕಡೆ ಹೇಳುತ್ತಾರೆ. ಚುಕ್ಕೆ ಬೆಲೆಗೆ ತೀರ ಹತ್ತಿರ ಬರುತ್ತದೆ, ಅದಕ್ಕೇ ತಗುಲುತ್ತದೆ ಎಂಬ ವಾದ. ನಮ್ಮ ಲೆಕ್ಕದಲ್ಲಿ ಆ ಮೂರೂ ನಷ್ಟದ ಹೊತ್ತಿಗೆ ಎಎಫ್ 0.06, 0.04, 0.04 ಮಾತ್ರ ಇತ್ತು. ಚುಕ್ಕೆ ಹೆಚ್ಚುಕಡಿಮೆ ಹೊರಟಲ್ಲೇ ನಿಂತಿತ್ತು. ಬೆಲೆಯೇ ಪಟ್ಟಿಯ ಇನ್ನೊಂದು ಅಂಚಿಗೆ ನಡೆದು ಬಂದು ಅದನ್ನು ಮುಟ್ಟಿತು. ತಿರುಗಿದ ದಿನ ಚುಕ್ಕೆ ಹಿಂದಿನ ತುದಿಯಲ್ಲಿ ಕೂರುತ್ತದೆ, ಮಲಗಿದ ಮಾರುಕಟ್ಟೆಯಲ್ಲಿ ಹಿಂದಿನ ತುದಿ ಎಂದರೆ ಪಟ್ಟಿಯ ಅಂಚೇ. ಎಎಫ್‌ನ ಪಾತ್ರ ಇಲ್ಲಿ ಚಿಕ್ಕದು: ಚುಕ್ಕೆಯನ್ನು ಅಂಚಿನಿಂದ ಕೆಲವೇ ರೂಪಾಯಿ ಒಳಗೆ ತಂದಿಡುತ್ತದೆ. ಬೆಲೆ ಹಿಂದಿನ ತುದಿಯನ್ನು ಪೂರ್ತಿ ಮುಟ್ಟದಿದ್ದರೂ ಸ್ಟಾಪ್ ತಗುಲಲು ಅಷ್ಟು ಸಾಕು.

ಅಘನಾಶಿನಿ ಅಳಿವೆಯಲ್ಲಿ ಉಬ್ಬರದ ಹೊತ್ತಿಗೆ ನೀರು ಘಟ್ಟದ ಕಡೆಗೆ ಹರಿಯುತ್ತದೆ, ಇಳಿತದಲ್ಲಿ ಸಮುದ್ರದ ಕಡೆಗೆ. ಅದನ್ನು ನೋಡಿ ಹೊಳೆಯೇ ದಿಕ್ಕು ಬದಲಿಸಿತು ಎಂದು ದಿನಕ್ಕೆ ನಾಲ್ಕು ಸಲ ಬರೆದುಕೊಳ್ಳುವವನ ಹಾಗೆ ಎಸ್‌ಎಆರ್ ವರ್ತಿಸುತ್ತದೆ. ಚುಕ್ಕೆ ಮುಟ್ಟಿದರೆ ಗತಿ ಬದಲಾಯಿತು ಎಂಬುದಷ್ಟೇ ಅದಕ್ಕೆ ಗೊತ್ತು, ಬಂದದ್ದು ಉಬ್ಬರವೋ ಏನೋ ಅದರ ಸೂತ್ರದಲ್ಲಿ ಇಲ್ಲ.

ಹಾಗಾದರೆ ಎಎಫ್ ಕಡಿಮೆ ಮಾಡಿದರೆ? ಸೆಟ್ಟಿಂಗ್‌ನಲ್ಲಿ ಮೂರು ಸಂಖ್ಯೆ ಇರುತ್ತವೆ: ಆರಂಭ, ಹೆಚ್ಚಳ, ಗರಿಷ್ಠ. ಮೊದಲೆರಡನ್ನು 0.01 ಮಾಡಿ ಅದೇ ಮೊದಲ ಶಾರ್ಟನ್ನು ಮತ್ತೆ ನೋಡಿ. ಹತ್ತೊಂಬತ್ತನೇ ದಿನ ಚುಕ್ಕೆ 551.28ರ ಬದಲು 553.06ರಲ್ಲಿ ಇರುತ್ತದೆ. ಬೆಲೆ 553ಕ್ಕೆ ಬಂದು ಆರು ಪೈಸೆಯಲ್ಲಿ ತಪ್ಪುತ್ತದೆ. ಉಳಿದೆವಾ? ಇಲ್ಲ. ಮರುದಿನ ಬೆಲೆ 554 ಮುಟ್ಟಿತು, ಮೇಲೆ ಹೇಳಿದ ಕಟ್ಟಳೆಯಿಂದ ಹಿಂದಿನ ದಿನದ ಗರಿಷ್ಠವಾದ 553ರಲ್ಲೇ ನಿಂತಿದ್ದ ಚುಕ್ಕೆ ತಗುಲಿತು. ಒಂದು ದಿನ ತಡವಾಯಿತು, ನಷ್ಟ 10.26 ಇದ್ದದ್ದು 11.98 ಆಯಿತು. ಹೆಚ್ಚಳ ತಗ್ಗಿಸಿದರೆ ಬೆಲೆ ಪಟ್ಟಿಯ ಮಧ್ಯದಲ್ಲೇ ತಿರುಗಿದ ಸಣ್ಣ ಆಟಗಳಿಂದ ಬಚಾವಾಗಬಹುದು, ಅಂಚಿನಿಂದ ಅಂಚಿಗೆ ಹೋಗುವ ಆಟಕ್ಕೆ ಅದು ಮದ್ದಲ್ಲ. ಮೇಲಾಗಿ ಏರಿಕೆಯ ಕೊನೆಯಲ್ಲಿ ಲಾಭವನ್ನು ಹೆಚ್ಚು ವಾಪಸು ಕೊಡಬೇಕಾಗುತ್ತದೆ. ಹಳೆಯ ಚಾರ್ಟಿನ ಮೇಲೆ 0.013, 0.017 ಎಂದು ಸಂಖ್ಯೆ ಹುಡುಕುತ್ತ ಕೂರುವುದು ನನಗಂತೂ ಹಾಳು ಹೊತ್ತು ಅನ್ನಿಸುತ್ತದೆ. ಆ ಆರು ಪೈಸೆಯಂಥ ಅದೃಷ್ಟವನ್ನು ನಿಯಮ ಎಂದು ತಿಳಿದುಬಿಡುವ ಅಪಾಯ ಅದರಲ್ಲಿದೆ.

ವೈಲ್ಡರ್ ಅವರದೇ ಎಡಿಎಕ್ಸ್ ಸೇರಿಸಿಕೊಳ್ಳುವುದು ಸಾಮಾನ್ಯ ಸಲಹೆ. ಎಡಿಎಕ್ಸ್ 25ಕ್ಕಿಂತ ಮೇಲಿದ್ದರೆ ಗತಿಗೆ ಬಲ ಇದೆ, 20ಕ್ಕಿಂತ ಕೆಳಗಿದ್ದರೆ ಎಸ್‌ಎಆರ್ ಮಾತು ಕೇಳಬೇಡ ಎನ್ನುತ್ತಾರೆ. ತಿಂಗಳುಗಟ್ಟಲೆ ಮಲಗಿದ ಷೇರಿಗೆ ಇದು ಸರಿಹೋಗುತ್ತದೆ. ಆದರೆ ಎಡಿಎಕ್ಸ್ ಎರಡು ಸಲ ಸರಾಸರಿ ತೆಗೆದ ಸಂಖ್ಯೆ, ಸಾಮಾನ್ಯವಾಗಿ ಒಂದೊಂದೂ 14 ದಿನದ್ದು. ಜೋರಾದ ಏರಿಕೆಯ ಬೆನ್ನಿಗೇ ಮಾರುಕಟ್ಟೆ ಮಲಗಿದರೆ ಅದು ಇಳಿಯಲು ಹೊತ್ತು ಹಿಡಿಯುತ್ತದೆ. ನಮ್ಮ ಹದಿನಾಲ್ಕನೇ ದಿನ ಅಂಥದ್ದೇ. ಹದಿಮೂರು ದಿನದ ಏರಿಕೆಯ ನೆನಪು ಇನ್ನೂ ಎಡಿಎಕ್ಸ್‌ನಲ್ಲಿರುವಾಗ ಅದು "ಹುಷಾರು" ಎನ್ನುವುದು ಕಷ್ಟ. ಮೊದಲ ಏಟು ಬಿದ್ದ ಮೇಲೇ ಅದಕ್ಕೆ ಎಚ್ಚರವಾಗುತ್ತದೆ.

ನನಗೆ ಇದಕ್ಕಿಂತ ಸಲೀಸಾಗಿ ಕಂಡದ್ದು ಚುಕ್ಕೆ ಹೊರಡುವ ಜಾಗವನ್ನೇ ನೋಡುವುದು. ಪ್ರತಿ ತಿರುವಿನಲ್ಲಿ ಮೊದಲ ಚುಕ್ಕೆ ಎಲ್ಲಿ ಬಿತ್ತು ಎಂದು ಬರೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಮೇಲೆ 555, ಕೆಳಗೆ 536, ಮತ್ತೆ ಮೇಲೆ 554, ಮತ್ತೆ ಕೆಳಗೆ 536. ನಿಜವಾದ ಏರುಗತಿಯಲ್ಲಿ ಈ ಸಂಖ್ಯೆಗಳು ಮೇಲೇರುತ್ತ ಹೋಗಬೇಕು, ಇಳಿಗತಿಯಲ್ಲಿ ಇಳಿಯುತ್ತ ಹೋಗಬೇಕು. ಒಂದೇ ಮಟ್ಟದಲ್ಲಿ ನಿಂತರೆ ಅದು ಪಟ್ಟಿ. ಮೊದಲ ಶಾರ್ಟ್ 551.28ರಲ್ಲಿ ಕೈಕೊಟ್ಟಾಗ ಮೇಲಿನ ಅಂಚು 555, ಕೆಳಗಿನದು 536 ಎಂದು ನಮಗೆ ಆಗಲೇ ಗೊತ್ತಿತ್ತು. ಅವೆರಡರಲ್ಲಿ ಒಂದನ್ನು ಬೆಲೆ ದಾಟುವವರೆಗೆ ಹೊಸ ಸೌದಾ ಬೇಡ ಎಂದು ಕೂತಿದ್ದರೆ ಎರಡನೆಯ, ಮೂರನೆಯ ನಷ್ಟ ಆಗುತ್ತಿರಲಿಲ್ಲ. 33.02ರಲ್ಲಿ 10.26 ಹೋಗಿ 22.76 ಕೈಯಲ್ಲಿ ಉಳಿಯುತ್ತಿತ್ತು. ಮೊದಲ ಏಟು ಇದರಿಂದಲೂ ತಪ್ಪುವುದಿಲ್ಲ. ಅಂಚು ದಾಟಿದ ಹಾಗೆ ಮಾಡಿ ಬೆಲೆ ಒಳಗೆ ಬಂದರೆ ಇನ್ನೊಂದು ಏಟೂ ಬೀಳುತ್ತದೆ. ಮತ್ತೆ, ದಾಟಿದ ಮೇಲೆ ಒಳಹೋಗುವುದರಿಂದ ಒಳ್ಳೆಯ ಗತಿಯಲ್ಲೂ ಕೆಲವು ರೂಪಾಯಿ ತಡವಾಗಿಯೇ ಸೇರುತ್ತೇವೆ.

ಡೆಲಿವರಿ ತೆಗೆದುಕೊಳ್ಳುವ ನಮ್ಮಂಥವರಿಗೆ ಇನ್ನೊಂದು ಮಾತಿದೆ. ಇಲ್ಲಿ ಕ್ಯಾಶ್ ವಿಭಾಗದಲ್ಲಿ ಸಣ್ಣ ಹೂಡಿಕೆದಾರ ಶಾರ್ಟ್ ಮಾಡಿದರೆ ಅದೇ ದಿನ ಮುಗಿಸಬೇಕು, ರಾತ್ರಿ ದಾಟಿಸಬೇಕಾದರೆ ಸಾಮಾನ್ಯವಾಗಿ ಫ್ಯೂಚರ್ಸ್‌ಗೆ ಹೋಗಬೇಕು. ಆದ್ದರಿಂದ ವೈಲ್ಡರ್ ಹೇಳಿದ "ತಿರುಗಿಸು" ಎಂಬ ಅರ್ಧ ಹೆಚ್ಚಿನವರಿಗೆ ಅನ್ವಯಿಸುವುದೇ ಇಲ್ಲ. ಇದರಲ್ಲಿ ಬೇಸರಪಡುವಂಥದ್ದು ಏನೂ ಇಲ್ಲ. ಮೇಲಿನ ಮೂರು ನಷ್ಟದಲ್ಲಿ ಎರಡು ಶಾರ್ಟಿನವು, ಅವೇ 25.49 ರೂಪಾಯಿ. ಬೇರೆ ಕಾರಣಕ್ಕೆ ಕೊಂಡ ಷೇರಿಗೆ ಎಸ್‌ಎಆರ್ ಅನ್ನು ಹೊರಬರುವ ಗೆರೆಯಾಗಿ ಮಾತ್ರ ಇಟ್ಟುಕೊಂಡರೆ ಅದು ತನಗೆ ಬರುವ ಕೆಲಸ ಮಾಡುತ್ತದೆ. ಬೆಳಿಗ್ಗೆಯೇ ಬೆಲೆ ಚುಕ್ಕೆಗಿಂತ ಕೆಳಗೆ ತೆರೆದರೆ ಚುಕ್ಕೆಯ ಬೆಲೆ ಸಿಗುವುದಿಲ್ಲ, ತೆರೆದ ಬೆಲೆಗೇ ಹೋಗುತ್ತದೆ ಎಂಬುದು ಮಾತ್ರ ಗೊತ್ತಿರಲಿ.

ಕೊನೆಗೆ ನಮ್ಮ ಕಡೆ ಮಾತ್ರ ಕೇಳಿಬರುವ ಒಂದು ಪ್ರಶ್ನೆ. ಅಡಿಕೆ ಟೆಂಡರಿನಲ್ಲಿ ದಿನದ ಕನಿಷ್ಠ, ಗರಿಷ್ಠ ದರ ಸಿಗುತ್ತದಲ್ಲ, ಅದಕ್ಕೇ ಎಸ್‌ಎಆರ್ ಹಾಕಿ ಚಾಲಿ ಅಡಿಕೆ ಯಾವಾಗ ಕೊಡಬೇಕು ಎಂದು ನೋಡಬಹುದೇ? ಆ ಅಂಕಿಗಳನ್ನು ಹಾಗೇ ಎತ್ತಿ ಹಾಕಿದರೆ ಬರುವ ಚುಕ್ಕೆಗೆ ಅರ್ಥವಿಲ್ಲ. ಷೇರಿನ ಗರಿಷ್ಠ, ಕನಿಷ್ಠ ಎಂದರೆ ಒಂದೇ ಸರಕು ಆ ದಿನ ಬೇರೆ ಬೇರೆ ಹೊತ್ತಿನಲ್ಲಿ ಕಂಡ ಬೆಲೆ. ಟೆಂಡರಿನ ಕನಿಷ್ಠ, ಗರಿಷ್ಠ ಬೇರೆ ಬೇರೆ ಲಾಟಿನ ಅಡಿಕೆಗೆ ಬಿದ್ದ ಬೆಲೆ, ಆ ಅಂತರ ಬಹುಪಾಲು ಗುಣಮಟ್ಟದ್ದು. ಯಾರೋ ಒಬ್ಬರು ಮಳೆಗೆ ಸಿಕ್ಕ ಮಾಲು ತಂದರೆ ಆ ದಿನದ ಕನಿಷ್ಠ ಕುಸಿಯುತ್ತದೆ, ಚುಕ್ಕೆ ತಗುಲಿ "ಇಳಿಗತಿ" ಎಂದು ತೋರಿಸುತ್ತದೆ, ಮಾರುಕಟ್ಟೆ ಮಾತ್ರ ಒಂದು ರೂಪಾಯಿಯೂ ಅಲುಗಿರುವುದಿಲ್ಲ. ಲೆಕ್ಕ ಹಾಕಲೇಬೇಕಾದರೆ ಒಂದೇ ಬಗೆಯ ಅಡಿಕೆಯ, ಹೆಚ್ಚು ಮಾಲು ಹೋದ ಆ ಒಂದು ದರವನ್ನು, ಅಂದರೆ ಮಾದರಿ ದರವನ್ನು ಇಟ್ಟುಕೊಂಡು, ಗರಿಷ್ಠ ಕನಿಷ್ಠ ಎರಡರ ಜಾಗದಲ್ಲೂ ಅದನ್ನೇ ಹಾಕಬೇಕು. ಆಗ ಚುಕ್ಕೆ ತಗುಲುವುದು ದರ ನಿಜವಾಗಿ ಬಿದ್ದಾಗ ಮಾತ್ರ. ಬೆಳೆಗಾರ ಅಡಿಕೆಯನ್ನು ಶಾರ್ಟ್ ಮಾಡುವ ಪ್ರಶ್ನೆಯೇ ಇಲ್ಲವಾದ್ದರಿಂದ, ತಗುಲಿದ ದಿನ ಅವನು ತೀರ್ಮಾನಿಸಬೇಕಾದದ್ದು ಇಷ್ಟೇ: ಇದ್ದ ದಾಸ್ತಾನಿನಲ್ಲಿ ಈಗ ಎಷ್ಟು ಕೊಡುವುದು, ಎಷ್ಟು ಇಟ್ಟುಕೊಳ್ಳುವುದು.